ಇವರು ಅಂದ್ರೆ ಯಾರು ಸ್ವಾಮಿ?

ಆನ್‌ಲೈನಲ್ಲಿ ಯಾರದ್ದಾದ್ರೂ ಪ್ರೊಫೈಲ್ ತೆಗೆದು ನೋಡಿ. ಫೋಟೋ ಅವರದ್ದೇ, ಅಕೌಂಟ್ ಅವರದ್ದೇ, ಪಾಸ್‌ವರ್ಡ್ ಗೊತ್ತಿರೋದೂ ಅವರೊಬ್ಬರಿಗೇ, ಆದ್ರೆ ಕೆಳಗಡೆ ಪರಿಚಯ ಬರೆದಿರೋದು ಮಾತ್ರ ಯಾರೋ ಕಟ್ಟಾ ಅಭಿಮಾನಿ. "ಇವರು ಮಾರ್ಕೆಟಿಂಗ್ ಕ್ಷೇತ್ರದಲ್ಲಿ 12 ವರ್ಷಗಳ ಅಪಾರ ಅನುಭವ ಹೊಂದಿದ್ದು, ದೂರದೃಷ್ಟಿಯ ನಾಯಕರೂ ಸ್ಫೂರ್ತಿದಾಯಕ ವಾಗ್ಮಿಗಳೂ ಆಗಿದ್ದಾರೆ. ತಮ್ಮ ಸರಳತೆಯಿಂದಲೇ ಎಲ್ಲರ ಮನ ಗೆದ್ದಿದ್ದಾರೆ." ರಾತ್ರಿ ಊಟ ಆದ್ಮೇಲೆ ಮಂಚದ ಮೇಲೆ ಕಾಲು ಚಾಚ್ಕೊಂಡು ತಮ್ಮ ಸರಳತೆಯ ಬಗ್ಗೆ ತಾವೇ ಟೈಪ್ ಮಾಡಿದ್ದು ಅಂತ ಓದೋರಿಗೆ ಗೊತ್ತಾಗಲ್ಲ ಅನ್ನೋ ನಂಬಿಕೆ. ಗುಟ್ಟು ರಟ್ಟಾಗೋದು ಕೊನೇ ಸಾಲಲ್ಲಿ: "ಹೆಚ್ಚಿನ ಮಾಹಿತಿಗೆ ನನಗೆ ಮೆಸೇಜ್ ಮಾಡಿ." ಅಲ್ಲಾ ಸ್ವಾಮಿ, ಇಷ್ಟೊತ್ತು ಹೊಗಳ್ತಾ ನಿಂತಿದ್ದ ಆ ಅಭಿಮಾನಿ ಎಲ್ಲಿ ಹೋದ್ರು, ನೀವು ಯಾವಾಗ ಬಂದ್ರಿ?

ಇಂಗ್ಲಿಷಲ್ಲಿ ಬರೆಯೋರಿಗೆ ಇದರಲ್ಲಿ ಸ್ವಲ್ಪ ರಿಯಾಯ್ತಿ ಇದೆ. ಅಲ್ಲಿ ಹಿ, ಶಿ ಅಂದ್ರೆ ಮರ್ಯಾದೆನೂ ಇಲ್ಲ, ಅವಮಾನನೂ ಇಲ್ಲ, ಆಫೀಸಿನ ಮ್ಯಾನೇಜರ್‌ಗೂ ಅದೇ, ಮನೆ ಮಗುವಿಗೂ ಅದೇ. ಕನ್ನಡದಲ್ಲಿ ಹಾಗೆ ನುಣುಚಿಕೊಳ್ಳೋಕಾಗಲ್ಲ. ನಿಮ್ಮನ್ನ ನೀವೇ ದೂರ ನಿಂತು ತೋರಿಸ್ಬೇಕು ಅಂದ್ರೆ "ಇವನು" ಅನ್ನಬೇಕೋ "ಇವರು" ಅನ್ನಬೇಕೋ ಅಂತ ಮೊದಲ ಪದದಲ್ಲೇ ತೀರ್ಮಾನ ಆಗ್ಬೇಕು, ಆಮೇಲೆ ಪ್ರತಿ ಕ್ರಿಯಾಪದದ ಬಾಲದಲ್ಲೂ ಅದು ನೇತಾಡ್ಕೊಂಡು ಬರುತ್ತೆ. "ಇವನು ಎಂಬಿಎ ಮಾಡಿದ್ದಾನೆ" ಅಂತ ತನ್ನ ಬಗ್ಗೆ ತಾನೇ ಬರ್ಕೊಂಡಿರೋ ಒಬ್ಬ ಮನುಷ್ಯನ್ನ ನಾನಂತೂ ಇನ್ನೂ ನೋಡಿಲ್ಲ. ಎಲ್ಲರೂ "ಮಾಡಿದ್ದಾರೆ"ನೇ. ಹಾಗಾಗಿ ಕನ್ನಡದಲ್ಲಿ "ಇವರು" ಅಂತ ಬಯೋ ಬರೆಯೋದು ಅಂದ್ರೆ ಸಾಲು ಸಾಲಿಗೂ ಕನ್ನಡಿ ಮುಂದೆ ನಿಂತು ತನಗೆ ತಾನೇ ಕೈ ಮುಗಿಯೋದು.

ಇದು ಇವತ್ತಿನ ಕಾಯಿಲೆ ಅಂದ್ಕೋಬೇಡಿ. ಇಮ್ಮಡಿ ಪುಲಕೇಶಿಯ ಕಾಲದ ಐಹೊಳೆ ಶಾಸನ ಇದೆಯಲ್ಲ, ಕ್ರಿ.ಶ. 634ರದ್ದು, ಅದನ್ನ ಬರೆದ ರವಿಕೀರ್ತಿ ರಾಜನನ್ನ ಹೊಗಳಿ ಮುಗಿಸಿ, ಕೊನೆಗೆ ಕವಿತೆಯಲ್ಲಿ ಕಾಳಿದಾಸ, ಭಾರವಿಯರ ಕೀರ್ತಿ ಗಳಿಸಿದ ಆ ರವಿಕೀರ್ತಿಗೆ ಜಯವಾಗಲಿ ಅಂತ ತನಗೇ ಒಂದು ಜೈಕಾರ ಹಾಕ್ಕೊಂಡಿದ್ದಾನೆ. "ನನಗೆ" ಅಂದಿಲ್ಲ ನೋಡಿ, "ಆ ರವಿಕೀರ್ತಿಗೆ". ಬರೆದಿರೋದು ಅದೇ ರವಿಕೀರ್ತಿ! ಆದ್ರೆ ಅವನ ಪರವಾಗಿ ಒಂದು ಮಾತು ಹೇಳ್ಲೇಬೇಕು. ಆ ಹೊಗಳಿಕೆಗಿಂತ ಮುಂಚೆ ಅವನ ಕವಿತೆ ಅದೇ ಕಲ್ಲಿನ ಮೇಲಿದೆ, ಓದಿ ನೀವೇ ಹೇಳಿ ಅಂತ ಎದುರಿಗಿಟ್ಟಿದ್ದಾನೆ. ಆ ಶಾಸನ ಇರೋ ಜಿನಾಲಯ ಕಟ್ಟಿಸಿದ್ದೂ ಅವನೇ. ನಮ್ಮ ದೂರದೃಷ್ಟಿಯ ನಾಯಕರ ದೂರದೃಷ್ಟಿ ಎಲ್ಲಿದೆ ಅಂತ ಹುಡುಕೋಕೆ ಹೋದ್ರೆ ಕೆಳಗೆ ಇನ್ನೊಂದು ವಿಶೇಷಣ ಸಿಗುತ್ತೆ ಅಷ್ಟೇ.

ಜನ ಯಾಕೆ "ಇವರು" ಪದದ ಮೊರೆ ಹೋಗ್ತಾರೆ ಅಂದ್ರೆ, ಅದರಲ್ಲಿ ನಾಚಿಕೆಗೆ ಜಾಗ ಇಲ್ಲ. ಬೇಕಿದ್ರೆ ಮೇಲಿನ ಬಯೋನ ಒಂದೊಂದೇ ಸಾಲು ತಗೊಂಡು "ನಾನು" ಹಾಕಿ ಜೋರಾಗಿ ಓದಿ. "ನಾನು 12 ವರ್ಷದಿಂದ ಮಾರ್ಕೆಟಿಂಗ್‌ನಲ್ಲಿದೀನಿ" - ಸಲೀಸಾಗಿ ಬಂತು. "ನನಗೆ ಅಪಾರ ಅನುಭವ ಇದೆ" - ಗಂಟಲಲ್ಲಿ ಸ್ವಲ್ಪ ಕಿಚ್‌ಕಿಚ್. "ನಾನು ದೂರದೃಷ್ಟಿಯ ನಾಯಕ" - ಪಕ್ಕದ ರೂಮಲ್ಲಿ ಯಾರಾದ್ರೂ ಕೇಳಿಸ್ಕೊಂಡ್ರಾ ಅಂತ ತಿರುಗಿ ನೋಡ್ತೀರಿ. "ನಾನು ನನ್ನ ಸರಳತೆಯಿಂದಲೇ ಎಲ್ಲರ ಮನ ಗೆದ್ದಿದೀನಿ" - ಇದನ್ನ ಪೂರ್ತಿ ಹೇಳಿ ಮುಗಿಸಿದ್ರೆ ನಿಮ್ಮ ಧೈರ್ಯಕ್ಕೆ ನನ್ನದೊಂದು ನಮಸ್ಕಾರ. ಬಾಯಲ್ಲಿ ಹೇಳೋಕಾಗದ ಸಾಲುಗಳನ್ನೆಲ್ಲ ಹೊಡೆದು ಹಾಕಿದ್ರೆ ಉಳಿಯೋದು 12 ವರ್ಷ ಮತ್ತು ಮಾರ್ಕೆಟಿಂಗ್, ಎರಡೇ. ಈಗ ಆ ಖಾಲಿ ಜಾಗ ತುಂಬ್ಸೋಕೆ ಏನು ಮಾರಿದ್ರಿ, ಯಾರಿಗೆ ಮಾರಿದ್ರಿ, ಈಗ ಯಾವ ಥರದ ಕೆಲಸ ಒಪ್ಕೋತೀರಿ ಅಂತ ಹೇಳ್ಬೇಕಾಗುತ್ತೆ, ಅಂದ್ರೆ ಓದೋರು ನಿಜವಾಗ್ಲೂ ಹುಡುಕ್ಕೊಂಡು ಬಂದಿದ್ದ ವಿಷಯ. ಲಿಂಕ್ಡ್‌ಇನ್‌ನವರು ಇದಕ್ಕೆ 2,600 ಅಕ್ಷರ ಜಾಗ ಕೊಟ್ಟಿದಾರೆ, ಆದ್ರೆ ಕ್ಲಿಕ್ ಮಾಡದೇ ಕಣ್ಣಿಗೆ ಬೀಳೋದು ಮೊದಲ ಕೆಲವು ಸಾಲು ಮಾತ್ರ, ಆ ಸಾಲುಗಳನ್ನೂ ನಮ್ಮವರು "ಇವರು ಬಹುಮುಖ ಪ್ರತಿಭೆಯ" ಅಂತ ಶುರು ಮಾಡಿ ಮುಗಿಸಿಬಿಟ್ಟಿರ್ತಾರೆ.

ಹಾಗಂತ "ಇವರು" ಅನ್ನೋದು ಪೂರ್ತಿ ತಪ್ಪಲ್ಲ, ಬೇರೆಯವರ ಬಾಯಲ್ಲಿ ಬರೋದಾದ್ರೆ ಅದೇ ಸರಿ. ಸೆಮಿನಾರ್‌ನಲ್ಲಿ ಸ್ಟೇಜ್ ಮೇಲೆ ನಿಂತು ಓದೋದು ನಿರೂಪಕರು, ಪುಸ್ತಕದ ಹಿಂದಿನ ರಕ್ಷಾಪುಟದಲ್ಲಿ ಮಾತಾಡೋದು ಪ್ರಕಾಶಕರು, ಕಂಪನಿ ವೆಬ್‌ಸೈಟಲ್ಲಿ ತಂಡದ ಪುಟ ಅಂದ್ರೆ ಅಲ್ಲಿ ಮಾತಾಡೋದು ಕಂಪನಿ. ಅಂಥ ಕಡೆಗೆ "ನಾನು" ಅಂತ ಬರೆದು ಕಳ್ಸಿದ್ರೆ ಏನಾಗುತ್ತೆ ಅಂದ್ರೆ, ಹಿಂದಿನ ರಾತ್ರಿ ಪುರುಸೊತ್ತಿಲ್ಲದ ನಿರೂಪಕಿ ಚೀಟಿ ಹಿಡ್ಕೊಂಡು ಮೈಕ್ ಮುಂದೆ ಬರ್ತಾರೆ, "ನಾನು 18 ವರ್ಷಗಳಿಂದ ಹೃದ್ರೋಗ ತಜ್ಞನಾಗಿ" ಅಂತ ಓದಿ ಗಕ್ಕಂತ ನಿಲ್ತಾರೆ, ಸಭೆ ನಗುತ್ತೆ, ಅಲ್ಲಿಂದ ಮುಂದೆ ಅವರು ನಿಂತಲ್ಲೇ ತಿದ್ಕೊಂಡು ಓದ್ಬೇಕು, ಮಾಡಿದ್ದೇನೆ ಅನ್ನೋದನ್ನ ಮಾಡಿದ್ದಾರೆ ಅನ್ನಬೇಕು, ನನ್ನ ಪತ್ನಿ ಅನ್ನೋದನ್ನ ಇವರ ಪತ್ನಿ ಅನ್ನಬೇಕು, ಮೂರು ಸಾಲು ಸಂಭಾಳಿಸಿ ನಾಲ್ಕನೇದ್ರಲ್ಲಿ ಎಡವೇ ಎಡವ್ತಾರೆ. ಹೃದ್ರೋಗ ತಜ್ಞರ ಎದೆ ಡವಡವ. ಅದಕ್ಕೇ ಕರೆದವರು ಪರಿಚಯ ಕಳ್ಸಿ ಅಂದ ತಕ್ಷಣ ಕೇಳ್ಬೇಕಾದ ಪ್ರಶ್ನೆ ಒಂದೇ, ಇದನ್ನ ಯಾರು ಓದ್ತಾರೆ? ಎರಡು ಪ್ರತಿ ರೆಡಿ ಇಟ್ಕೊಂಡ್ರೆ ಜಗಳವೇ ಇಲ್ಲ, "ನಾನು" ಪ್ರತಿ ಸ್ವಂತ ಪೇಜಿಗೆ, "ಇವರು" ಪ್ರತಿ ಬೇರೆಯವರ ಕೈಗೆ. ಈ ಎರಡನೇದು ನಿಮಿಷದೊಳಗೆ ಓದಿ ಮುಗಿಯೋ ಹಾಗಿರಲಿ, ಯಾಕಂದ್ರೆ ನಿರೂಪಕರಿಗೂ ಮನೆ ಮಠ ಇದೆ.

ಇನ್ನು "ನಾನು" ಪಾರ್ಟಿಯವರೂ ಏನು ಕಮ್ಮಿ ಇಲ್ಲ. "ನಾನು ಕನಸುಗಾರ, ನಾನು ಕಥೆಗಾರ, ನಾನು ಸದಾ ವಿದ್ಯಾರ್ಥಿ." ಕನ್ನಡದಲ್ಲಿ ಕ್ರಿಯಾಪದದಲ್ಲೇ "ನಾನು" ಕೂತಿರುತ್ತೆ, "12 ವರ್ಷದಿಂದ ಬರೀತಿದೀನಿ" ಅಂದ್ರೆ ಯಾರು ಅಂತ ಯಾರೂ ಕೇಳಲ್ಲ, ಆದ್ರೂ ಇವರಿಗೆ ಪ್ರತಿ ವಾಕ್ಯದ ಬಾಗಿಲಲ್ಲೂ ಆ ಪದ ನಿಲ್ಲಿಸ್ಬೇಕು. ಎರಡೂ ಬೇಡ ಅನ್ನೋರಿಗೆ ನಮ್ಮ ಹಳೇ ಲೇಖಕರ ಪರಿಚಯಗಳಲ್ಲಿ ಒಂದು ಚಂದದ ದಾರಿ ಇದೆ: "ಓದಿದ್ದು ಕಾಮರ್ಸ್, ಕೆಲಸ ಬ್ಯಾಂಕಿನಲ್ಲಿ, ಬರೆಯೋದು ರಜಾ ದಿನ." ಕ್ರಿಯಾಪದಕ್ಕೆ ಬಾಲವೇ ಇಲ್ಲ, ಹಾಗಾಗಿ ಮರ್ಯಾದೆ ಕೊಡೋ ತಗೊಳ್ಳೋ ತಂಟೆನೂ ಇಲ್ಲ, ಯಾರು ಓದಿದ್ರೂ ಸರಿಹೋಗುತ್ತೆ. ಆದ್ರೆ ಐದಾರು ಸಾಲಿಗಿಂತ ಜಾಸ್ತಿ ಎಳೆದ್ರೆ ಸರ್ಕಾರಿ ಅರ್ಜಿ ಫಾರ್ಮ್ ಥರ ಆಗ್ಬಿಡುತ್ತೆ, ಅಷ್ಟಕ್ಕೇ ನಿಲ್ಲಿಸ್ಬೇಕು.

ನಮ್ಮ ಮಾರ್ಕೆಟಿಂಗ್ ಮಹನೀಯರಿಗೆ ಯಾರೋ ಇದನ್ನೆಲ್ಲ ಹೇಳಿದ್ರಂತೆ. ಸ್ವಂತ ಪೇಜಲ್ಲಿ "ನಾನು" ಅಂತ ಬರೀರಿ ಸಾರ್ ಅಂತ. ಅವರೂ ಒಳ್ಳೇ ಮನಸ್ಸಿನಿಂದ ಒಪ್ಕೊಂಡು, ಫೈಂಡ್ ಅಂಡ್ ರಿಪ್ಲೇಸ್ ಒತ್ತಿ "ಇವರು" ಇದ್ದಲ್ಲೆಲ್ಲ "ನಾನು" ಹಾಕಿದ್ದಾರೆ. ಈಗ ಆ ಬಯೋ ಹೀಗಿದೆ: "ನಾನು ಮಾರ್ಕೆಟಿಂಗ್ ಕ್ಷೇತ್ರದಲ್ಲಿ 12 ವರ್ಷಗಳ ಅಪಾರ ಅನುಭವ ಹೊಂದಿದ್ದು, ದೂರದೃಷ್ಟಿಯ ನಾಯಕರೂ ಸ್ಫೂರ್ತಿದಾಯಕ ವಾಗ್ಮಿಗಳೂ ಆಗಿದ್ದಾರೆ." ಕೊನೇ ಸಾಲಿನ ಗೊಂದಲವನ್ನೂ ಸರಿ ಮಾಡಿದ್ದಾರೆ, "ಹೆಚ್ಚಿನ ಮಾಹಿತಿಗೆ ಅವರಿಗೆ ಮೆಸೇಜ್ ಮಾಡಿ."