ನಾಲ್ಕಾ, ಎರಡಾ? ಸುಟ್ಟಗಾಯದ ಒಂದು ಲೆಕ್ಕದ ಸುತ್ತ

ಅಕ್ಕನ ಮಗಳು ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಹೋದ ವಾರ ಅವಳ ಗೈಡಿನ ಒಂದು ಪುಟದ ಫೋಟೋ ವಾಟ್ಸಾಪಿಗೆ ಬಂತು, ಕೆಳಗೆ ಒಂದೇ ಸಾಲು: "ಚಿಕ್ಕಮ್ಮ, ಇದಕ್ಕೆ 4 ಹಾಕ್ಲಾ, 2 ಹಾಕ್ಲಾ?"

ನಾನು ಇಂಗ್ಲೆಂಡಿನ ಬರ್ನ್ಸ್ ವಾರ್ಡಿನಲ್ಲಿ ಕೆಲಸ ಮಾಡುವವಳು. ಅದಕ್ಕೂ ಮೊದಲು ಊರ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡಿದ್ದೆ. ಅವಳ ಪ್ರಶ್ನೆಗೆ ಒಂದು ಅಂಕಿ ಬರೆದು ಕಳಿಸಬಹುದಿತ್ತು. ಆದರೆ ಪುಟ ಓದುತ್ತಾ ಹೋದ ಹಾಗೆ ತಪ್ಪು ಆ ಅಂಕಿಯಲ್ಲಿ ಮಾತ್ರ ಇಲ್ಲ ಅನಿಸಿತು.

ಮೈ ಸುಟ್ಟವರಿಗೆ ಮೊದಲ 24 ಗಂಟೆಯಲ್ಲಿ ಎಷ್ಟು ಡ್ರಿಪ್ ಕೊಡಬೇಕು ಅನ್ನುವುದು ಪ್ರಶ್ನೆ. ಗೈಡಿನ ಲೆಕ್ಕ ಹೀಗಿದೆ. 60 ಕೆಜಿ ತೂಕದ ಹೆಂಗಸು. ಬೆಳಗ್ಗೆ 6ಕ್ಕೆ ಒಲೆಯ ಬೆಂಕಿ ನೈಟಿಗೆ ತಗುಲಿದೆ. 11ಕ್ಕೆ ದೊಡ್ಡಾಸ್ಪತ್ರೆಗೆ ಬಂದಿದ್ದಾಳೆ. ದಾರಿಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ 500 ಮಿಲಿ ಆರ್‌ಎಲ್, ಅಂದರೆ ರಿಂಗರ್ ಲ್ಯಾಕ್ಟೇಟ್ ಡ್ರಿಪ್, ಹೋಗಿದೆ. ಸುಟ್ಟಿರುವುದು ಮೈಯ 30%. ಗೈಡಿನ ಉತ್ತರ: 4 × 60 × 30 = 7200 ಮಿಲಿ. ಅರ್ಧ 3600, ಅದನ್ನು 8 ಗಂಟೆಯಲ್ಲಿ ಕೊಡಬೇಕು, ಅಂದರೆ ಗಂಟೆಗೆ 450.

ಇದು ಪಾರ್ಕ್‌ಲ್ಯಾಂಡ್ ಫಾರ್ಮುಲಾ: ಒಂದು ಕೆಜಿ ತೂಕಕ್ಕೆ, ಸುಟ್ಟ ಒಂದೊಂದು ಶೇಕಡಾಕ್ಕೆ 4 ಮಿಲಿ. 1968ರಲ್ಲಿ ಡಲ್ಲಾಸಿನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ಚಾರ್ಲ್ಸ್ ಬಾಕ್ಸ್‌ಟರ್ ಮತ್ತು ಅವರ ಜೊತೆಗಾರರು ಹೇಳಿದ್ದು. ಆದರೆ ಆ 8 ಗಂಟೆ ಆಸ್ಪತ್ರೆಯ ಬಾಗಿಲಿನಿಂದ ಶುರುವಾಗುವುದಿಲ್ಲ. ಮೈ ಸುಟ್ಟ ಕ್ಷಣದಿಂದ ಶುರು. 6ಕ್ಕೆ ಸುಟ್ಟಿದ್ದರೆ ಮೊದಲ ಅರ್ಧ ಮಧ್ಯಾಹ್ನ 2ಕ್ಕೆ ಮುಗಿಯಬೇಕು. 5 ಗಂಟೆ ಆಗಲೇ ಕಳೆದಿದೆ, 500 ಮಿಲಿ ಹೋಗಿದೆ. ಉಳಿದ 3100 ಮಿಲಿಯನ್ನು 3 ಗಂಟೆಯಲ್ಲಿ ಕೊಡಬೇಕು. ಗಂಟೆಗೆ 1033 ಮಿಲಿ ಆಯಿತು. ಗೈಡಿನ ಉತ್ತರದ ಎರಡು ಪಟ್ಟಿಗೂ ಜಾಸ್ತಿ! ಊರಲ್ಲಿ ರೋಗಿ ತಡವಾಗಿ ಬರುವುದೇ ಹೆಚ್ಚು. ಹಾಗಾಗಿ "ಎಷ್ಟು ಹೊತ್ತಿಗೆ ಸುಟ್ಟಿತು?" ಅನ್ನುವ ಪ್ರಶ್ನೆ ನಮಗೆ ಇನ್ನೂ ಮುಖ್ಯ. ಗಡಿಯಾರ ನೋಡಿದವರು ಯಾರೂ ಇರುವುದಿಲ್ಲ. "ಹಾಲಿನವನು ಬಂದು ಹೋಗಿದ್ದನಾ, ನಲ್ಲಿ ನೀರು ಬಂದಿತ್ತಾ" ಅಂತ ಕೇಳಿ ಹೊತ್ತು ಗೊತ್ತುಮಾಡಿಕೊಳ್ಳುತ್ತಿದ್ದೆವು. ಇಲ್ಲಿ ಆಂಬುಲೆನ್ಸಿನವರ ಹಾಳೆಯಲ್ಲಿ ಸಮಯ ಬರೆದೇ ಬಂದಿರುತ್ತದೆ. ತೂಕ ಮಾತ್ರ ವಯಸ್ಸಾದವರು "ಹನ್ನೊಂದು ಸ್ಟೋನ್" ಅಂತಾರೆ. ಅದನ್ನು 70 ಕೆಜಿ ಮಾಡಿಕೊಳ್ಳಲು ನಾನು ಇವತ್ತಿಗೂ ಕ್ಯಾಲ್ಕುಲೇಟರ್ ಹುಡುಕುತ್ತೇನೆ.

ಇನ್ನು ಆ 30% ಎಲ್ಲಿಂದ ಬಂತು? ಎದೆ ಹೊಟ್ಟೆ ಸೇರಿ ಮುಂಭಾಗ 18, ಪೂರ್ತಿ ಬಲಗೈ 9, ತೊಡೆಯ ಮೇಲೆ ರೋಗಿಯದೇ ಮೂರು ಅಂಗೈಯಷ್ಟು, ಬೆರಳುಗಳೂ ಸೇರಿ, 3. ಒಟ್ಟು 30. ಈಗ ಎಡಗೈ ಬರೀ ಕೆಂಪಾಗಿದೆ, ಗುಳ್ಳೆ ಎದ್ದಿಲ್ಲ ಅಂತಿಟ್ಟುಕೊಳ್ಳಿ. ಗಾಬರಿಯಲ್ಲಿ ಅದನ್ನೂ ಸೇರಿಸಿದರೆ 39% ಆಗುತ್ತದೆ. ಬರೀ ಕೆಂಪಾದ ಚರ್ಮವನ್ನು ಲೆಕ್ಕಕ್ಕೆ ಹಿಡಿಯಬಾರದು. ಆ ಒಂದು ಕೈಯಿಂದ 4ರ ಲೆಕ್ಕದಲ್ಲಿ 2160 ಮಿಲಿ ಜಾಸ್ತಿ ಹೋಗುತ್ತದೆ. 4ಕ್ಕೂ 2ಕ್ಕೂ ಜಗಳ ಮಾಡುವವರು ಇದನ್ನು ಮರೆಯುತ್ತಾರೆ. ಮಸಿಯಾದ ಮೈಯನ್ನು ತೊಳೆದು, ಹಚ್ಚಿಕೊಂಡು ಬಂದ ದೋಸೆ ಹಿಟ್ಟು, ಇಂಕು, ಟೂತ್‌ಪೇಸ್ಟು ಎಲ್ಲಾ ತೆಗೆದ ಮೇಲೆ ಇನ್ನೊಂದು ಸಲ ಎಣಿಸಬೇಕು.

ಸರಿ, ನಾಲ್ಕಾ, ಎರಡಾ? ಅಪಘಾತದ ಗಾಯಾಳುಗಳನ್ನು ನೋಡಿಕೊಳ್ಳಲು ಡಾಕ್ಟರುಗಳಿಗೆ ಕೊಡುವ ಅಮೆರಿಕದ ಎಟಿಎಲ್‌ಎಸ್ ತರಬೇತಿಯ 2018ರ ಆವೃತ್ತಿಯಲ್ಲಿ ದೊಡ್ಡವರಿಗೆ 2, ಮಕ್ಕಳಿಗೆ 3, ಕರೆಂಟು ಹೊಡೆದವರಿಗೆ 4 ಅಂತ ಇದೆ. 2ರ ಲೆಕ್ಕದಲ್ಲಿ ನಮ್ಮ ಹೆಂಗಸಿಗೆ ಒಟ್ಟು 3600, ಮೊದಲ ಅರ್ಧ 1800. ಅದರಲ್ಲಿ 500 ಕಳೆದರೆ 1300, ಗಂಟೆಗೆ 433.

ಯಾಕೆ ಇಳಿಸಿದರು? ಸುಟ್ಟ ಮೊದಲ ದಿನ ಸಣ್ಣ ರಕ್ತನಾಳಗಳು ಸೋರುತ್ತವೆ. ಕೊಡದಿದ್ದರೆ ಕಿಡ್ನಿ ಕೆಡುತ್ತದೆ. ಜಾಸ್ತಿ ಕೊಟ್ಟರೆ ಆ ನೀರೆಲ್ಲ ನಾಳದಲ್ಲಿ ನಿಲ್ಲದೆ ಮೈಗೆ ಇಳಿಯುತ್ತದೆ. ಮುಖ ಊದಿ ಕಣ್ಣು ಮುಚ್ಚುತ್ತದೆ, ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತದೆ, ವೆಂಟಿಲೇಟರಿನ ಒತ್ತಡ ಏರುತ್ತದೆ. ಆಮೇಲೆ ಬರುವುದು ಮೋಸದ ಹಂತ. ಹೊಟ್ಟೆಯೊಳಗಿನ ಒತ್ತಡಕ್ಕೆ ಕಿಡ್ನಿಗೆ ರಕ್ತ ಹೋಗದೆ ಮೂತ್ರ ಕಡಿಮೆಯಾಗುತ್ತದೆ. ಅದನ್ನು ನೋಡಿ "ಫ್ಲೂಯಿಡ್ ಸಾಲಲಿಲ್ಲ" ಅಂತ ಇನ್ನೊಂದು ಬಾಟಲಿ ಏರಿಸುತ್ತೇವೆ. ಡ್ರಿಪ್ ಏರಿಸಿದಷ್ಟೂ ಮೂತ್ರ ಇಳಿಯುತ್ತಿದ್ದರೆ ಕೈ ನಿಲ್ಲಿಸಿ ಹೊಟ್ಟೆ ಮುಟ್ಟಿ ನೋಡಬೇಕು, ಡಾಕ್ಟರನ್ನು ಕರೆಯಬೇಕು.

ಹಾಗಾಗಿ ನನ್ನ ಮಟ್ಟಿಗೆ ಫಾರ್ಮುಲಾ ಮೊದಲ ಗಂಟೆಯ ವೇಗ ಹೇಳುವುದಕ್ಕೆ ಮಾತ್ರ. ಎರಡನೇ ಗಂಟೆಯಿಂದ ಯೂರಿನ್ ಬ್ಯಾಗ್ ಹೇಳಿದ ಹಾಗೆ ಕೇಳಬೇಕು. ದೊಡ್ಡವರಿಗೆ ಕೆಜಿಗೆ ಗಂಟೆಗೆ ಅರ್ಧ ಮಿಲಿ ಮೂತ್ರ ಬರಬೇಕು, ಅಂದರೆ ಈ ಹೆಂಗಸಿಗೆ 30. ಎರಡು ಗಂಟೆ ಸತತವಾಗಿ 30ಕ್ಕಿಂತ ಕಡಿಮೆ ಬಂದರೆ ಡ್ರಿಪ್ಪನ್ನು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಏರಿಸುವುದು, 50 ದಾಟಿದರೆ ಅಷ್ಟೇ ಇಳಿಸುವುದು. ಏರಿಸಲು ಎಲ್ಲರಿಗೂ ಕೈ ಬರುತ್ತದೆ. ಇಳಿಸಲು ಯಾರಿಗೂ ಧೈರ್ಯ ಬರುವುದಿಲ್ಲ. 80 ಬಂದರೆ "ಚೆನ್ನಾಗಿ ಬರ್ತಾ ಇದೆ" ಅಂತ ಖುಷಿಪಡುತ್ತಾರೆ. ಕರೆಂಟು ಹೊಡೆದವರ ವಿಷಯ ಮಾತ್ರ ಬೇರೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣದಲ್ಲಿದ್ದರೆ ಮಾಂಸಖಂಡ ಕರಗಿ ಬರುತ್ತಿದೆ ಅಂತ ಅರ್ಥ. ಅಲ್ಲಿ ಬಣ್ಣ ತಿಳಿಯಾಗುವ ತನಕ ಗಂಟೆಗೆ 75ರಿಂದ 100 ಮಿಲಿ ಮೂತ್ರ ಬರಬೇಕು.

ಇಲ್ಲಿ ಗಂಟೆಗೆ 433 ಅಂತ ಡ್ರಿಪ್ ಪಂಪಿನಲ್ಲಿ ಒತ್ತಿದರೆ ಮುಗಿಯಿತು. ಊರಲ್ಲಿ ಮಿಲಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ ಅದು ನಿಮಿಷಕ್ಕೆ 144 ಹನಿ. ಎಣಿಸಿ ನೋಡಿ, ಆಗುತ್ತದಾ? ನಾವು ಬಾಟಲಿಗೆ ಪ್ಲಾಸ್ಟರ್ ಪಟ್ಟಿ ಅಂಟಿಸಿ, ಎಷ್ಟು ಹೊತ್ತಿಗೆ ಎಲ್ಲಿಗೆ ಇಳಿದಿರಬೇಕು ಅಂತ ಗೆರೆ ಎಳೆಯುತ್ತಿದ್ದೆವು. ಅರ್ಧ ಲೀಟರಿನ ಬಾಟಲಿ 70 ನಿಮಿಷದಲ್ಲಿ ಖಾಲಿಯಾಗಬೇಕು, ಅಷ್ಟೇ ಲೆಕ್ಕ. ಆ ಗೆರೆ ನೋಡಲು ಹೋದಾಗಲೆಲ್ಲ ರೋಗಿಯ ಮುಖವೂ ಕಾಣುತ್ತಿತ್ತು. ಪಂಪು ಬೇಡ ಅನ್ನುತ್ತಿಲ್ಲ, ಅದು ಇದ್ದರೆ ಒಳ್ಳೆಯದೇ. ಆದರೆ ರಾತ್ರಿ ಪಾಳಿಯಲ್ಲಿ ಪಂಪು ಕೂಗುವ ತನಕ ಹಾಸಿಗೆಯ ಹತ್ತಿರ ಹೋಗದವರನ್ನು ನಾನು ಇಲ್ಲಿ ಕಂಡಿದ್ದೇನೆ.

ನೋವಿನ ವಿಷಯದಲ್ಲಿ ಮಾತ್ರ ಊರಿನ ಪರವಾಗಿ ಮಾತಾಡಲು ನನ್ನಿಂದ ಆಗುವುದಿಲ್ಲ. ಗೈಡಿನಲ್ಲಿ ಅದಕ್ಕೆ ನಾಲ್ಕೇ ಸಾಲು. ಅದರಲ್ಲೂ ಒಂದು ಸಾಲು, "ಆಳವಾಗಿ ಸುಟ್ಟಲ್ಲಿ ನರಗಳೇ ಸುಟ್ಟಿರುವುದರಿಂದ ನೋವಿರುವುದಿಲ್ಲ." ಆ ಜಾಗವನ್ನು ಮುಟ್ಟಿದರೆ ಗೊತ್ತಾಗದಿರಬಹುದು. ಅದರ ಅಂಚಿನಲ್ಲಿ ಅರ್ಧ ಆಳಕ್ಕೆ ಸುಟ್ಟ ಚರ್ಮ ಇರುತ್ತದಲ್ಲ, ಅದು ಉರಿಯುತ್ತದೆ. ಬರೀ ಆಳದ ಗಾಯ ಇರುವ ರೋಗಿಯನ್ನು ನಾನು ನೋಡಿದ್ದೇ ಕಡಿಮೆ.

ನಾನು ಊರಲ್ಲಿದ್ದಾಗ ಡ್ರೆಸ್ಸಿಂಗ್ ದಿನ ವಾರ್ಡಿನ ಕೂಗು ಗೇಟಿನ ತನಕ ಕೇಳುತ್ತಿತ್ತು. ಸೊಂಟಕ್ಕೆ ಒಂದು ಇಂಜೆಕ್ಷನ್, ಹತ್ತು ನಿಮಿಷ ಬಿಟ್ಟು ಬ್ಯಾಂಡೇಜ್ ಬಿಚ್ಚುವುದು. ಮೊದಲ ಎರಡು ದಿನ ಮಾಂಸಖಂಡಕ್ಕೆ ಚುಚ್ಚುವುದು ದೊಡ್ಡ ತಪ್ಪು. ಅಲ್ಲಿ ರಕ್ತ ಓಡಾಟ ಸರಿಯಾಗಿ ಇರುವುದಿಲ್ಲ, ಔಷಧ ಅಲ್ಲೇ ಕೂರುತ್ತದೆ. ನೋವು ಇಳಿಯಲಿಲ್ಲ ಅಂತ ಇನ್ನೊಂದು ಕೊಡುತ್ತೇವೆ. ಡ್ರಿಪ್ಪಿನಿಂದ ರಕ್ತ ಓಡಾಟ ಸರಿಹೋದ ಕೂಡಲೇ ಕೊಟ್ಟದ್ದೆಲ್ಲ ಒಟ್ಟಿಗೆ ಏರಿ ಉಸಿರಾಟ ನಿಧಾನವಾಗಿಬಿಡಬಹುದು. ಮಾರ್ಫಿನ್ ಆಗಲಿ ಬೇರೆ ಯಾವುದೇ ಆಗಲಿ ರಕ್ತನಾಳಕ್ಕೆ, ಸ್ವಲ್ಪ ಸ್ವಲ್ಪವಾಗಿ, ಉಸಿರು ಎಣಿಸುತ್ತಾ ಕೊಡಬೇಕು. ಇನ್ನೊಂದು ಮಾತು. ರೋಗಿ ಸಿಕ್ಕಾಪಟ್ಟೆ ಒದ್ದಾಡುತ್ತಿದ್ದರೆ ನೋವು ಅಂದುಕೊಳ್ಳುವ ಮೊದಲು ಆಕ್ಸಿಜನ್ ಮತ್ತು ಬಿಪಿ ನೋಡಿ.

ಇಲ್ಲಿ ನೋವನ್ನು ಬೇರೆ ಬೇರೆ ಮಾಡಿ ನೋಡುತ್ತಾರೆ. ಸುಮ್ನೆ ಮಲಗಿದ್ದಾಗಲೂ ಇರುವ ನೋವಿಗೆ ಹೊತ್ತು ಹೊತ್ತಿಗೆ ಔಷಧ. ಡ್ರೆಸ್ಸಿಂಗಿನ ನೋವಿಗೆ ಅದರ ಮೇಲೆ ಇನ್ನೊಂದು. ಬಾಯಿಗೆ ಕೊಡುವ ಮಾರ್ಫಿನನ್ನು ಮುಕ್ಕಾಲು ಗಂಟೆ ಮೊದಲೇ ಕೊಟ್ಟು ಕಾಯುತ್ತೇವೆ. ದೊಡ್ಡ ಡ್ರೆಸ್ಸಿಂಗಿಗೆ ಅರಿವಳಿಕೆಯವರು ಬಂದು ಕೆಟಮಿನ್ ಕೊಡುತ್ತಾರೆ. ಕೆಟಮಿನ್ ದುಬಾರಿಯೇನಲ್ಲ, ನಮ್ಮ ಆಸ್ಪತ್ರೆಗಳಲ್ಲೂ ಇರುತ್ತದೆ. ಊರಲ್ಲಿ ಆ ದಿನ ಕೊರತೆ ಇದ್ದದ್ದು ಔಷಧಕ್ಕಲ್ಲ, ಮುಕ್ಕಾಲು ಗಂಟೆ ಕಾಯುವ ವ್ಯವಸ್ಥೆಗೆ. ಇಬ್ಬರು ಸಿಸ್ಟರ್‌ಗಳು ಮಧ್ಯಾಹ್ನದೊಳಗೆ ಇಪ್ಪತ್ತು ಡ್ರೆಸ್ಸಿಂಗ್ ಮುಗಿಸಬೇಕಿದ್ದರೆ ಯಾರಿಗಾಗಿ ಕಾಯುತ್ತಾರೆ ಹೇಳಿ.

ಗಾಯ ನೋಡಿಕೊಳ್ಳುವುದನ್ನು ಗೈಡು ಮೂರು ಹಂತ ಮಾಡಿದೆ: ಮೊದಲ ಎರಡು ಮೂರು ದಿನ, ಆಮೇಲೆ ಗಾಯ ಮುಚ್ಚುವ ತನಕ, ಆಮೇಲೆ ಪುನರ್ವಸತಿ. ಹಂತಗಳು ಸರಿ. ಮೊದಲನೆಯದರಲ್ಲಿ ಗಾಯಕ್ಕಿಂತ ಜೀವ ಮುಖ್ಯ, ತೊಳೆದು ಮುಚ್ಚಿದರೆ ಸಾಕು. ನಮ್ಮ ಹೆಂಗಸಿನ ಬಲಗೈ ಸುತ್ತಲೂ ಸುಟ್ಟಿದೆ, ಹಾಗಾಗಿ ಬೆರಳು ತಣ್ಣಗಾಗುತ್ತಿದೆಯಾ, ಮರಗಟ್ಟುತ್ತಿದೆಯಾ ಅಂತ ಗಂಟೆಗೊಮ್ಮೆ ನೋಡಬೇಕು. ಎರಡನೇ ಹಂತದಲ್ಲಿ ಊರಿನ ಬಿಳಿ ಸಲ್ಫಾಡಯಾಜಿನ್ ಮುಲಾಮಿಗೂ ಇಲ್ಲಿನ ಬೆಳ್ಳಿಯ ಅಂಶ ಇರುವ ಡ್ರೆಸ್ಸಿಂಗ್ ಪಟ್ಟಿಗೂ ವ್ಯತ್ಯಾಸ ದೊಡ್ಡದು. ಮುಲಾಮನ್ನು ದಿನಾ ಬದಲಿಸಬೇಕು, ಮೇಲೆ ಬಿಳಿ ಪದರ ಕಟ್ಟಿ ಆಳ ಎಷ್ಟು ಅಂತ ತಿಳಿಯುವುದಿಲ್ಲ. ಪಟ್ಟಿ ಮೂರು ದಿನ, ಕೆಲವು ಏಳು ದಿನ ಇರುತ್ತದೆ. ಅಷ್ಟು ದಿನ ಬಿಚ್ಚುವ ನೋವಿಲ್ಲ. ಬೆಲೆ ಮಾತ್ರ ನಮ್ಮ ಜನರಿಗೆ ಆಗಿಬರುವುದಿಲ್ಲ. ಮುಂಬೈಯ ಡಾಕ್ಟರುಗಳು ಶುದ್ಧಮಾಡಿದ ಬಾಳೆಎಲೆಯನ್ನು ಡ್ರೆಸ್ಸಿಂಗಾಗಿ ಬಳಸಿ 2003ರಲ್ಲಿ ಬರೆದಿದ್ದರು. ಗಾಯಕ್ಕೆ ಅಂಟುವುದಿಲ್ಲ, ಹಾಗಾಗಿ ತೆಗೆಯುವಾಗ ನೋವು ಕಡಿಮೆ. ಇಲ್ಲಿನ ಸಹೋದ್ಯೋಗಿಗಳಿಗೆ ಇದನ್ನು ಹೇಳಿದಾಗ ಮೊದಲು ನಕ್ಕರು, ಆಮೇಲೆ ಬೇಕಾದಷ್ಟು ಪ್ರಶ್ನೆ ಕೇಳಿದರು.

ಮೂರನೇ ಹಂತ ಮೂರನೆಯದಾಗಿ ಬರುತ್ತದೆ ಅನ್ನುವುದೇ ಗೈಡಿನ ದೊಡ್ಡ ತಪ್ಪು. ಅದು ಮೊದಲ ದಿನವೇ ಶುರುವಾಗಬೇಕು. ಕಂಕುಳು ಸುಟ್ಟವರಿಗೆ ಕೈಯನ್ನು ಮೈಗೆ ಅಂಟಿಸಿಕೊಂಡರೆ ಹಿತ. ಕುತ್ತಿಗೆ ಸುಟ್ಟವರಿಗೆ ದಿಂಬು ಹಿತ. ಊರಲ್ಲಿ ಹಾಸಿಗೆಯ ಪಕ್ಕ ಅಮ್ಮನೋ ಅತ್ತೆಯೋ ಇರುತ್ತಾರೆ, ಪ್ರೀತಿಯಿಂದ ದಿಂಬು ಇಡುತ್ತಾರೆ. ಗಾಯ ಮಾಯುತ್ತಾ ಚರ್ಮ ಎಳೆದುಕೊಂಡು ಎರಡು ತಿಂಗಳಲ್ಲಿ ಗದ್ದ ಎದೆಗೆ ಅಂಟಿಕೊಳ್ಳುತ್ತದೆ. ಆದರೆ ಅದೇ ಅಮ್ಮನಿಗೆ ಕಾರಣ ಹೇಳಿ ಒಪ್ಪಿಸಿದರೆ, ರಾತ್ರಿಯೆಲ್ಲ ಕೂತು ಮಗಳ ಕೈಯನ್ನು ಮೈಯಿಂದ ದೂರ ಚಾಚಿ ಹಿಡಿದಿರುತ್ತಾಳೆ. ಭೇಟಿಯ ಹೊತ್ತು ಮುಗಿದ ಮೇಲೆ ನಮ್ಮ ವಾರ್ಡಿನಲ್ಲಿ ಆ ಕೆಲಸವನ್ನು ಸ್ಪ್ಲಿಂಟ್ ಮಾಡುತ್ತದೆ. ರೋಗಿ ಅದನ್ನು ಬಿಚ್ಚಿ ಪಕ್ಕಕ್ಕೆ ಇಟ್ಟಿರುವುದು ಬೆಳಗ್ಗೆ ನಮಗೆ ಸಿಗುತ್ತದೆ.

ಅಕ್ಕನ ಮಗಳಿಗೆ ಬರೆದೆ: ಗೈಡು ಕೇಳಿದ್ದು ಪಾರ್ಕ್‌ಲ್ಯಾಂಡ್, ಹಾಗಾಗಿ 4 ಹಾಕು. ಆದರೆ 450 ಬರೆಯಬೇಡ, 1033 ಬರೆ. ಕೆಳಗೆ "2ರಲ್ಲಿ ಶುರುಮಾಡಿದರೆ 433, ಆಮೇಲೆ ಮೂತ್ರ ನೋಡಿ ಏರಿಸುವುದು ಇಳಿಸುವುದು" ಅಂತ ಒಂದು ಸಾಲು ಸೇರಿಸು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಚಿಕ್ಕಮ್ಮ, 450 ಬರೆದರೇ ಮಾರ್ಕ್ಸ್ ಅಂತೆ, ಮೇಡಂ ಹೇಳಿದ್ರು." ಮೇಡಂ ನಂಬರ್ ಕಳಿಸು ಅಂದಿದ್ದೇನೆ, ಇನ್ನೂ ಕಳಿಸಿಲ್ಲ.