ಮಾಲೀಕರ ಉತ್ತರ

ಹೋಟೆಲ್ ಬಗ್ಗೆ ಜನ ಬರೆದ ದೂರಿಗಿಂತ, ಅದರ ಕೆಳಗೆ ಮಾಲೀಕರು ಬರೆದ ಉತ್ತರ ಓದುವ ಚಟ ನನಗೆ. ದೂರುಗಳು ಹೆಚ್ಚುಕಮ್ಮಿ ಒಂದೇ ಥರ. ತಡ ಆಯ್ತು, ತಣ್ಣಗಿತ್ತು, ಮುಖ ಗಂಟು ಹಾಕಿಕೊಂಡು ಬಡಿಸಿದರು. ಉತ್ತರಗಳು ಹಾಗಲ್ಲ. ಒಬ್ಬರು ತೋಳೇರಿಸಿಕೊಂಡು ಜಗಳಕ್ಕೇ ನಿಂತಿರುತ್ತಾರೆ. ಇನ್ನೊಬ್ಬರು ಅಜ್ಜನ ಕಾಲದಿಂದ ಕಥೆ ಶುರು ಮಾಡುತ್ತಾರೆ. ಮತ್ತೊಬ್ಬರು ಬೈದವರಿಗೂ ಹೊಗಳಿದವರಿಗೂ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಅಂತ ಒಂದೇ ಸಾಲು ಅಂಟಿಸಿ ಕೈತೊಳೆದುಕೊಂಡಿರುತ್ತಾರೆ.

ಹೀಗೊಂದು ದೂರು ಬಂತು ಅಂದುಕೊಳ್ಳಿ: ‘ಶನಿವಾರ ರಾತ್ರಿ ಒಂದು ಗಂಟೆ ಕಾಯಿಸಿದರು. ಬಂದ ಊಟ ತಣ್ಣಗಿತ್ತು. ಕೇಳಿದರೆ ಸಪ್ಲೈಯರ್ ರೇಗಿದ.’ ಬೆಳಗಾಗುವಷ್ಟರಲ್ಲಿ ಸಾವಿರಾರು ಜನ ಅದನ್ನು ಹಂಚಿಕೊಂಡಿದ್ದಾರೆ. ಮಾಲೀಕರ ಕೈ ಸೀದಾ ಫೋನಿಗೆ ಹೋಗುತ್ತದೆ. ಆದರೆ ಮೊದಲು ನೋಡಬೇಕಾದ್ದು ಆರ್ಡರ್ ಬರೆದು ಅಡುಗೆಮನೆಗೆ ಕಳಿಸಿದ ಕೆಓಟಿ ಚೀಟಿಯನ್ನು. ಆರ್ಡರ್ ತೆಗೆದುಕೊಂಡ ಹೊತ್ತು ಸಾಮಾನ್ಯವಾಗಿ ಅದರ ಮೇಲೆ ಅಚ್ಚಾಗಿರುತ್ತದೆ. ಬಿಲ್ ಮೇಲೆ ಇರುವುದು ಬಿಲ್ ಮಾಡಿದ ಹೊತ್ತು. ಊಟ ಮೇಜಿಗೆ ಬಂದದ್ದು ಯಾವಾಗ ಅನ್ನುವುದು ಎರಡರಲ್ಲೂ ಇರುವುದಿಲ್ಲ. ಅದಕ್ಕೆ ಕ್ಯಾಮೆರಾವನ್ನೇ ಕೇಳಬೇಕು. ಹಳೆಯ ರೆಕಾರ್ಡಿಂಗ್ ತಾನಾಗಿಯೇ ಅಳಿಸಿಹೋಗುತ್ತಿರುತ್ತದೆ, ಹಾಗಾಗಿ ಮೊದಲು ಒಂದು ಕಾಪಿ ತೆಗೆದಿಟ್ಟರೆ ಒಳ್ಳೆಯದು.

ಹುಡುಕಿದ್ದಕ್ಕೆ ಸಿಕ್ಕಿದ್ದು ಇಷ್ಟು. ಆರ್ಡರ್ 8:12ಕ್ಕೆ, ಊಟ ಮೇಜಿಗೆ 8:53ಕ್ಕೆ. ಒಂದು ಗಂಟೆಯಲ್ಲ, 41 ನಿಮಿಷ! ಮಾಲೀಕರು ಜಾರಿ ಬೀಳುವುದು ಇಲ್ಲೇ. ‘ಸುಳ್ಳು ಹೇಳಬೇಡಿ, ಬರೀ 41 ನಿಮಿಷ’ ಅಂತ ಬರೆದುಬಿಡುತ್ತಾರೆ. ಹಸಿದು ಕೂತವರ ಎದುರು 19 ನಿಮಿಷದ ಚೌಕಾಸಿ. ಗೆದ್ದರೂ ಏನು ಸಿಗುತ್ತೆ ಹೇಳಿ? ಎರಡು ಹೊತ್ತನ್ನೂ ಹೇಳಿ ಸುಮ್ಮನಾದರೆ ಸಾಕು, ಲೆಕ್ಕ ಓದುವವರಿಗೇ ಬರುತ್ತದೆ.

ನಾನಾದರೆ ಹೀಗೆ ಬರೆಯುತ್ತಿದ್ದೆ:

‘ಶನಿವಾರ ರಾತ್ರಿ ನಿಮ್ಮ ಆರ್ಡರ್ ತೆಗೆದುಕೊಂಡಿದ್ದು 8:12ಕ್ಕೆ, ಊಟ ಕೊಟ್ಟಿದ್ದು 8:53ಕ್ಕೆ. ಅದರಲ್ಲಿ 9 ನಿಮಿಷ ಊಟ ಸಿದ್ಧವಾಗಿಯೂ ಕೌಂಟರ್ ಮೇಲೇ ಇತ್ತು, ಆರಿಹೋಯಿತು. ಎರಡೂ ನಮ್ಮ ತಪ್ಪು, ಕ್ಷಮಿಸಿ. ನಮ್ಮವರು ಹೇಗೆ ಮಾತಾಡಿದರು ಅನ್ನುವುದು ಕ್ಯಾಮೆರಾದಲ್ಲಿ ಕೇಳಿಸುವುದಿಲ್ಲ. ನಿಮ್ಮಿಂದಲೇ ತಿಳಿದುಕೊಳ್ಳಲು ಮೆಸೇಜ್ ಮಾಡಿದ್ದೇನೆ. ಜನ ಜಾಸ್ತಿ ಇರುವ ರಾತ್ರಿಗಳಲ್ಲಿ ಕೌಂಟರ್‌ನಿಂದ ಊಟ ಒಯ್ಯಲೆಂದೇ ಈಗ ಒಬ್ಬರನ್ನು ನಿಲ್ಲಿಸಿದ್ದೇವೆ.’

ಅಷ್ಟೇ. ಇನ್ನು ಇದರಲ್ಲಿ ಏನೇನು ಇಲ್ಲ ನೋಡಿ. ಅವರು ಯಾರ ಜೊತೆ ಬಂದಿದ್ದರು, ಬಿಲ್ ಎಷ್ಟಾಗಿತ್ತು ಅನ್ನುವುದಿಲ್ಲ. ಅದು ಊರಿಗೆಲ್ಲ ಹೇಳುವ ವಿಷಯವಲ್ಲ. ಕ್ಯಾಮೆರಾದ ವಿಡಿಯೋ ಹಾಕಿಲ್ಲ. ‘ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ’ ಅಂತ ಇಲ್ಲ. ಬೇಜಾರಾಗದೆ ಯಾರಾದರೂ ಅಷ್ಟುದ್ದ ಬರೆಯುತ್ತಾರಾ? ‘ಆ ಸಪ್ಲೈಯರನ್ನು ಕೆಲಸದಿಂದ ತೆಗೆದಿದ್ದೇವೆ’ ಅನ್ನುವುದೂ ಇಲ್ಲ. ಕೆಲವರಿಗೆ ಇದೇ ದೊಡ್ಡ ವಿನಯ ಅನಿಸುತ್ತದೆ. ನನಗಂತೂ ಆ ಸಾಲು ಕಂಡರೆ ಆಗುವುದಿಲ್ಲ. ಕೌಂಟರ್‌ನಲ್ಲಿ ಜನ ಸಾಲದಿದ್ದದ್ದು ಯಾರ ತಪ್ಪು, ತಲೆ ಹೋಗಿದ್ದು ಯಾರದು? ಉಚಿತ ಊಟದ ಮಾತೂ ಇಲ್ಲ. ಕೊಡುವುದಿದ್ದರೆ ಮೆಸೇಜಿನಲ್ಲೇ ಕೊಡಲಿ. ಎಲ್ಲರೆದುರು ಕೊಟ್ಟರೆ ಬಾಯಿ ಮುಚ್ಚಿಸಿದ ಹಾಗೆ ಕಾಣುತ್ತದೆ, ನಾಳೆ ನಿಜವಾಗಿ ದೂರುವವರ ಮೇಲೂ ಅನುಮಾನ ಬರುತ್ತದೆ.

ಊಟ ಮಾಡಿ ಹೊಟ್ಟೆ ಕೆಟ್ಟಿತು ಅನ್ನುವ ದೂರಾದರೆ ಮಾತ್ರ ಈ ಧಾಟಿ ಸಾಲದು. ಅಂಥ ಕಾಯಿಲೆ ಕೆಲವೇ ಗಂಟೆಗಳಲ್ಲೂ ಕಾಣಿಸಿಕೊಳ್ಳಬಹುದು, ಕೆಲವು ದಿನ ಬಿಟ್ಟೂ ಬರಬಹುದು. ಕೊನೆಗೆ ತಿಂದದ್ದೇ ಕಾರಣ ಅಂತಿಲ್ಲ. ಆದರೆ ಈ ಪಾಠವನ್ನು ಮಾಲೀಕರೇ ಹೇಳಿದರೆ ಯಾರು ಕೇಳುತ್ತಾರೆ? ‘ನಮ್ಮದಲ್ಲ’ ಅಂತಲೂ ಬೇಡ, ಗೊತ್ತಾಗುವ ಮುಂಚೆ ‘ನಮ್ಮದೇ’ ಅಂತಲೂ ಬೇಡ. ಮೊದಲು ಅವರ ಆರೋಗ್ಯ ಕೇಳಬೇಕು. ಆ ದಿನದ ಅಡುಗೆ ಏನಾದರೂ ಉಳಿದಿದ್ದರೆ ಬಡಿಸದೆ ತೆಗೆದಿಡಬೇಕು. ಅದೇ ಊಟ ಮಾಡಿದ ಬೇರೆಯವರಿಂದಲೂ ದೂರು ಬಂದಿದೆಯಾ ನೋಡಬೇಕು. ಏನೇನು ಪರೀಕ್ಷಿಸುತ್ತಿದ್ದೇವೆ, ಯಾವತ್ತು ತಿಳಿಸುತ್ತೇವೆ ಅಂತ ಬರೆದು, ಆವತ್ತು ತಿಳಿಸಲೇಬೇಕು.

ಉತ್ತರ ಹಾಕಿದ ಮೇಲೆ ಕೈ ಕಟ್ಟಿ ಕೂರುವುದೇ ಕಷ್ಟದ ಕೆಲಸ. ಕೆಳಗೆ ಒಬ್ಬೊಬ್ಬರೂ ಒಂದೊಂದು ಅನ್ನುತ್ತಾರೆ. ಪ್ರತಿಯೊಬ್ಬರಿಗೂ ಉತ್ತರ ಕೊಡಲು ಹೋದರೆ ಆರುತ್ತಿದ್ದ ಪೋಸ್ಟ್‌ಗೆ ಮತ್ತೆ ಜೀವ ಬರುತ್ತದೆ. ಬಾವ, ಭಾಮೈದ, ಅಡುಗೆಯವರೆಲ್ಲ ಸೇರಿ ಅದೇ ರಾತ್ರಿ ಐದೈದು ಸ್ಟಾರ್ ಸುರಿದರೆ ಅದೂ ಗೊತ್ತಾಗಿಬಿಡುತ್ತದೆ. ಬರೆದ ಉತ್ತರದಲ್ಲೇ ತಪ್ಪು ಕಂಡರೆ ಅದನ್ನು ಅಳಿಸಬಾರದು, ತಿದ್ದುಪಡಿಯನ್ನು ಕೆಳಗೆ ಸೇರಿಸಬೇಕು. ಅಷ್ಟರಲ್ಲಿ ಹಳೆಯದರ ಸ್ಕ್ರೀನ್‌ಶಾಟ್ ಯಾರಾದರೂ ತೆಗೆದಿಟ್ಟುಕೊಂಡೇ ಇರುತ್ತಾರೆ.