ಅತ್ತೆಯ ಡಬ್ಬಗಳ ತಳ ನೋಡಿದ್ದು

ಹಾಸನಾಂಬೆ ಗುಡಿಯ ಬಾಗಿಲು ತೆರೆದಿರುವ ಆ ಕೆಲವು ದಿನ ನಮ್ಮ ಮನೆ ಛತ್ರವಾಗುತ್ತದೆ. ದರ್ಶನದ ಸಾಲಲ್ಲಿ ನಿಂತು ಕಾಲು ಸೋತು ಬಂದ ನೆಂಟರಿಗೆ ಎಷ್ಟೂಂತ ಅಡುಗೆ ಮಾಡೋದು? ಒಂದು ಹೊತ್ತು ಮನೆಯ ಊಟ, ಇನ್ನೊಂದು ಹೊತ್ತು ಹೋಟೆಲಿನ ಪಾರ್ಸೆಲ್. ನೆಂಟರು ಬಸ್ಸು ಹತ್ತಿದ ಮೇಲೆ ಮನೆಯಲ್ಲಿ ಉಳಿಯುವುದು ಡಬ್ಬಗಳು. ಅತ್ತೆ ಅವನ್ನೆಲ್ಲ ಸೋಪಿನ ನೀರಲ್ಲಿ ತೊಳೆದು, ಹಿತ್ತಲ ಕಟ್ಟೆಯ ಮೇಲೆ ಬೋರಲು ಹಾಕಿ, ಒಣಗಿದ ಮೇಲೆ ಒಂದರೊಳಗೊಂದು ಕೂರಿಸಿ ಅಟ್ಟಕ್ಕೆ ಏರಿಸುತ್ತಾರೆ.

"ಇಷ್ಟು ಚೆನ್ನಾಗಿರೋ ಡಬ್ಬಾನ ಯಾರಾದ್ರೂ ಬಿಸಾಕ್ತಾರೇನಮ್ಮ?" ಎನ್ನುತ್ತಾರೆ. ಅವರ ಅಟ್ಟದಲ್ಲಿ ಪಾರ್ಸೆಲ್ ಡಬ್ಬ ಮಾತ್ರ ಅಲ್ಲ, ಐಸ್‌ಕ್ರೀಮಿನದು, ಉಪ್ಪಿನಕಾಯಿಯದು, ಒಣದ್ರಾಕ್ಷಿಯದು, ಕೊನೆಗೆ ಗೋಡೆಗೆ ಬಳಿಯುವ ಬಣ್ಣ ಬಂದಿದ್ದ ಬಕೆಟ್ಟೂ ಇದೆ.

ನಾನೂ ಸುಮ್ನೆ ಇದ್ದೆ. ಸುಮ್ನಿರಲು ಬಿಡದೇ ಹೋದದ್ದು ಒಂದು ಹುರುಳಿಕಟ್ಟಿನ ಸಾರು. ಮಗಳು ಬೆಂಗಳೂರಿಗೆ ಹೊರಟಿದ್ದಳು. ಬಸ್ಸಿಗೆ ಹೊತ್ತಾಗಿತ್ತು. ಅತ್ತೆ ಒಲೆಯಿಂದ ಇಳಿಸಿದ ಸಾರನ್ನು ಹಾಗೇ ಒಣದ್ರಾಕ್ಷಿಯ ಜಾರಿಗೆ ಸುರಿದರು. ಗಾಜಿನ ಹಾಗೆ ಹೊಳೆಯುವ, ನೋಡಲು ಗಟ್ಟಿಮುಟ್ಟಾದ ಜಾರು. ನಮ್ಮ ಕಣ್ಣೆದುರಿಗೇ ಅದು ಸೊಂಟ ತಿರುಚಿಕೊಂಡಿತು. ತಳ ಉಬ್ಬಿ ಕೂರಲಾರದೆ ವಾಲಾಡಿತು. ಮುಚ್ಚಳ ತಿರುಗಿಸಿದರೆ ಒಂದು ಕಡೆ ಏರಿತು, ಇನ್ನೊಂದು ಕಡೆ ಕೂರಲೇ ಇಲ್ಲ. ಮಗಳು ಸಾರಿಲ್ಲದೆ ಬಸ್ಸು ಹತ್ತಿದಳು. ಅತ್ತೆ ಅರ್ಧ ಗಂಟೆ ಯಾರ ಹತ್ತಿರವೂ ಮಾತಾಡಲಿಲ್ಲ.

ಜಾರನ್ನು ಬೋರಲು ಹಾಕಿ ನೋಡಿದೆ. ತಳದಲ್ಲಿ ಒಂದು ಸಣ್ಣ ತ್ರಿಕೋನ, ಅದರೊಳಗೆ 1, ಕೆಳಗೆ PET. ನೀರಿನ ಬಾಟಲಿ, ಜ್ಯೂಸಿನ ಬಾಟಲಿ ಎಲ್ಲ ಇದರದೇ. ಪೆಟ್ ಜಾರನ್ನು ಅಚ್ಚಿನೊಳಗೆ ಬಲೂನಿನ ಹಾಗೆ ಊದಿ, ಎಳೆದು ಹಿಗ್ಗಿಸಿ ಮಾಡಿರುತ್ತಾರೆ. ತಣ್ಣಗಿರುವ ತನಕ ಅದು ಹಿಗ್ಗಿದ ಹಾಗೇ ಇರುತ್ತದೆ. ಸುಮಾರು 70-75 ಡಿಗ್ರಿ ದಾಟಿತೋ, ಎಳೆದ ರಬ್ಬರ್ ಬ್ಯಾಂಡು ಬಿಟ್ಟ ಹಾಗೆ ಹಳೆಯ ಆಕಾರಕ್ಕೆ ಮರಳಲು ನೋಡುತ್ತದೆ. ಕುದಿಯುವ ಸಾರು ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ. ಸಮುದ್ರಮಟ್ಟದಿಂದ ಒಂದು ಕಿಲೋಮೀಟರಿನಷ್ಟು ಎತ್ತರದಲ್ಲಿರುವ ನಮ್ಮ ಹಾಸನದಲ್ಲಿ ನೀರು 100 ಡಿಗ್ರಿ ಮುಟ್ಟುವುದಿಲ್ಲ, 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಆ ಮೂರು ಡಿಗ್ರಿ ರಿಯಾಯಿತಿಯಿಂದ ಪೆಟ್ ಜಾರಿಗೇನೂ ಉಪಕಾರವಾಗಲಿಲ್ಲ.

ಮರುದಿನ ಭಾನುವಾರ. ಅಟ್ಟದ ಡಬ್ಬಗಳನ್ನೆಲ್ಲ ಕೆಳಗಿಳಿಸಿ, ಕನ್ನಡಕ ಹಾಕಿಕೊಂಡು, ಮೊಬೈಲಿನ ಟಾರ್ಚು ಹಿಡಿದು ಕೂತೆ. ಆ ಸಂಖ್ಯೆ ಬಣ್ಣದಲ್ಲಿ ಬರೆದದ್ದಲ್ಲ, ಅಚ್ಚಿನಲ್ಲೇ ಉಬ್ಬಿ ಬಂದದ್ದು. ಬೆಳಕನ್ನು ಅಡ್ಡಡ್ಡ ಬಿಟ್ಟರೆ ಮಾತ್ರ ಕಾಣುತ್ತದೆ.

ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಆ ತ್ರಿಕೋನ ನೋಡಿ ಇದು ಒಳ್ಳೆಯ ಪ್ಲಾಸ್ಟಿಕ್ ಅಂತಲೋ, ಮತ್ತೆ ಕರಗಿಸಿ ಬಳಸುತ್ತಾರೆ ಅಂತಲೋ ತಿಳಿದುಕೊಳ್ಳುತ್ತಾರೆ. ಅದು ಹೇಳುವುದು ಡಬ್ಬ ಯಾವ ಪ್ಲಾಸ್ಟಿಕ್ಕಿನದು ಅಂತ, ಅಷ್ಟೇ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಕಸ ವಿಂಗಡಿಸುವವರಿಗೆ ಸುಲಭವಾಗಲಿ ಅಂತ ಶುರು ಮಾಡಿದ ಏರ್ಪಾಡು ಅದು. ಅಡುಗೆಮನೆಯ ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೂ ಅದನ್ನು ಮಾಡಿಲ್ಲ. ಮೊದಲು ಆ ತ್ರಿಕೋನ ಒಂದರ ಹಿಂದೊಂದು ಸುತ್ತುವ ಮೂರು ಬಾಣಗಳದ್ದಾಗಿತ್ತು. ಆ ಬಾಣ ನೋಡಿ ಜನ ತಪ್ಪು ತಿಳಿಯುತ್ತಾರೆಂದು 2013ರಲ್ಲಿ ಅಲ್ಲಿಯವರೇ ಬಾಣ ತೆಗೆದು ಬರೀ ತ್ರಿಕೋನ ಮಾಡಿದರು. ಹಳೆಯ ಅಚ್ಚುಗಳಲ್ಲಿ ಬಾಣ ಇನ್ನೂ ಓಡಾಡುತ್ತಲೇ ಇದೆ.

ಅದು ಹೆಸರೇ ಆದರೂ, ಹೆಸರು ಗೊತ್ತಾದರೆ ಗುಣ ಊಹಿಸಬಹುದು ಅಲ್ವಾ? ಬಿಸಿಯ ಮಾತಿಗೆ ನನಗೆ ಬೇಕಾದದ್ದು 5, ಅಂದರೆ PP. ಪಾಲಿಪ್ರೊಪಿಲೀನ್. ಇದು ಕರಗಬೇಕಾದರೆ ಸುಮಾರು 160 ಡಿಗ್ರಿ ಬೇಕು. ನೀರಿನ ಸಾರು ಎಷ್ಟು ಕುದಿದರೂ ಆ ಮಟ್ಟಕ್ಕೆ ಹೋಗುವುದಿಲ್ಲ. 2 ಮತ್ತು 4 ಎರಡೂ ಪಾಲಿಥೀನಿನವೇ. ಬೇಳೆ, ಸಕ್ಕರೆ ತುಂಬಿಡಲು ಚೆನ್ನ, ಬಿಸಿಗೆ 5ರಷ್ಟು ತಡೆಯುವುದಿಲ್ಲ. 3 ಪಿವಿಸಿ. ಅದನ್ನು ಮೆತ್ತಗೆ ಮಾಡಲು ಬೆರೆಸಿದ ರಾಸಾಯನಿಕ ಜಿಡ್ಡಿನ ಊಟಕ್ಕೆ ಇಳಿದುಬಿಡುತ್ತದೆ, ಊಟದ ಹತ್ತಿರ ಬೇಡವೇ ಬೇಡ. 6 ಪಾಲಿಸ್ಟೈರೀನ್, ನಮ್ಮ ಥರ್ಮಾಕೋಲಿನ ಜಾತಿ. 7 ಅಂದರೆ 'ಇತರೆ'. ಅದರಲ್ಲಿ ಯಾವ ಪ್ಲಾಸ್ಟಿಕ್ಕಾದರೂ ಇರಬಹುದು, ಹಾಗಾಗಿ ಆ ಸಂಖ್ಯೆಯೊಂದನ್ನೇ ನೋಡಿ ಬಿಸಿ ಸುರಿಯುವುದಿಲ್ಲ.

ಬಣ್ಣದ ಬಕೆಟ್ಟಿನ ತಳದಲ್ಲೂ 5 ಇತ್ತು. "ನೋಡು, ಇದೂ ಐದೇ" ಎಂದು ಅತ್ತೆ ಗೆದ್ದವರ ಹಾಗೆ ಅಂದರು. ಅಲ್ಲೇ ಇರುವುದು ತೊಡಕು. ಬಕೆಟ್ಟು ಮಾಡುವವನು ಊಟಕ್ಕೆ ಅಂತ ಮಾಡಿಲ್ಲ. ಅದಕ್ಕೆ ಬೆರೆಸಿದ ಬಣ್ಣ ಬೇರೆ, ಒಳಗೆ ಇದ್ದ ಮಾಲು ಬೇರೆ. ಊಟಕ್ಕೆಂದೇ ಮಾಡಿದ ಡಬ್ಬದ ಮೇಲೆ ಸಾಮಾನ್ಯವಾಗಿ ಲೋಟ ಮತ್ತು ಫೋರ್ಕಿನ ಚಿತ್ರ ಇರುತ್ತದೆ. ಮೈಕ್ರೋವೇವಿಗೂ ಆಗುತ್ತದೆ ಅಂದರೆ ಅಲೆ ಅಲೆಯಾಗಿ ಗೆರೆ ಎಳೆದ ಇನ್ನೊಂದು ಗುರುತೂ ಇರುತ್ತದೆ. ಬಕೆಟ್ಟಿನ ಮೇಲೆ ಎರಡೂ ಇರಲಿಲ್ಲ. ಅದನ್ನು ಕರಿಬೇವಿನ ಗಿಡಕ್ಕೆ ಕೊಟ್ಟೆವು.

ಬಹಳ ಹೊತ್ತು ತಿಂದದ್ದು ಒಂದು ಕಪ್ಪು ದುಂಡು ಡಬ್ಬ. ಹಬ್ಬದಲ್ಲಿ ಸಾಗು ಬಂದದ್ದು ಅದರಲ್ಲೇ. ತಳದಲ್ಲಿ 5, ಸರಿ. ಆದರೆ ಮುಚ್ಚಳ ಬೇರೆಯೇ: ಪಾರದರ್ಶಕ, ಗಡಸು, ಒಂದು ಗುರುತೂ ಇಲ್ಲ. ತಳದ ಸಂಖ್ಯೆ ತಳಕ್ಕೆ ಮಾತ್ರ ಅನ್ನುವುದು ನನಗೆ ಹೊಳೆದದ್ದು ಆಗಲೇ. ಬಿಸಿ ಸಾಗುವಿನ ಹಬೆ ಹೋಗಿ ಕೂರುವುದು ಮುಚ್ಚಳದ ಒಳಮೈಗೆ. ಅಲ್ಲಿಂದ ಹನಿ ಹನಿಯಾಗಿ ವಾಪಸ್ಸು ಸಾಗುವಿಗೇ ಬೀಳುತ್ತದೆ.

ಮುಚ್ಚಳ ಯಾವುದರದು ಅಂತ ತಿಳಿಯಲು ನೀರಿನಲ್ಲಿ ಹಾಕಿ ನೋಡುವ ಒಂದು ಉಪಾಯ ಇದೆ. ಡಬ್ಬದ ಅಂಚಿನಿಂದ ಉಗುರಿನಷ್ಟು ಚೂರು, ಮುಚ್ಚಳದಿಂದ ಅಷ್ಟೇ ದೊಡ್ಡ ಚೂರು ಕತ್ತರಿಸಿದೆ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ, ಎರಡನ್ನೂ ಚಮಚದಿಂದ ಅದುಮಿ ಮುಳುಗಿಸಿದೆ. ಸೋಪು ಯಾಕೆಂದರೆ, ಚೂರಿಗೆ ಅಂಟಿದ ಗಾಳಿಗುಳ್ಳೆ ಬಿಡಲಿ ಅಂತ. ಡಬ್ಬದ ಚೂರು ಎದ್ದು ತೇಲಿತು. ಮುಚ್ಚಳದ ಚೂರು ತಳ ಸೇರಿತು. 2, 4, 5 ನೀರಿಗಿಂತ ಹಗುರ, ತೇಲುತ್ತವೆ. 1, 3, 6 ಭಾರ, ಮುಳುಗುತ್ತವೆ. ಮುಚ್ಚಳ 5 ಅಲ್ಲ ಅನ್ನುವುದು ಖಾತ್ರಿಯಾಯಿತು. ಇನ್ನೊಂದು ಲೋಟದಲ್ಲಿ ಮೂರು ದೊಡ್ಡ ಚಮಚ ಉಪ್ಪು ಕರಗಿಸಿ ಮುಚ್ಚಳದ ಚೂರನ್ನು ಅದಕ್ಕೆ ಹಾಕಿದೆ. ಈಗ ತೇಲಿತು! ಉಪ್ಪುನೀರಿನಲ್ಲೂ ಮುಳುಗೇ ಇದ್ದಿದ್ದರೆ ಪೆಟ್ಟೋ ಪಿವಿಸಿಯೋ ಅನ್ನಬಹುದಿತ್ತು. ತೇಲಿದ್ದರಿಂದ ಇದು 6. ಮುಚ್ಚಳವನ್ನು ಮಡಚಲು ಹೋದರೆ ಬಾಗಲೇ ಇಲ್ಲ, ಚಟ್ ಅಂತ ಸೀಳಿತು. ಅದೂ 6ರ ಗುಣವೇ. ಡಬ್ಬದ ಅಂಚಾದರೆ ಬಾಗಿ, ಮಡಚಿದ ಕಡೆ ಬಿಳಿ ಗೆರೆ ಬಿಟ್ಟಿತು, ಮುರಿಯಲಿಲ್ಲ.

ಪಾಲಿಸ್ಟೈರೀನ್ 100 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ. ಬಿಸಿ, ಜಿಡ್ಡು ಎರಡೂ ಸೇರಿದರೆ ಅದರಲ್ಲಿ ಉಳಿದಿರುವ ಸ್ಟೈರೀನ್ ಊಟಕ್ಕೆ ಇಳಿಯುವುದೂ ಜಾಸ್ತಿ. ಹಾಗಾಗಿ ಈಗ ಪಾರ್ಸೆಲ್ ಮನೆಗೆ ಬಂದ ಕೂಡಲೇ ಮುಚ್ಚಳ ತೆಗೆದುಬಿಡುತ್ತೇವೆ.

ಈ ನೀರಿನ ಪರೀಕ್ಷೆಯನ್ನು ಪೂರ್ತಿ ನಂಬಲೂ ಬಾರದು. ಅದು 5ಕ್ಕೂ 2, 4ಕ್ಕೂ ವ್ಯತ್ಯಾಸ ಹೇಳುವುದಿಲ್ಲ, ಮೂರೂ ತೇಲುತ್ತವೆ. ಸುಣ್ಣದಕಲ್ಲಿನ ಪುಡಿ ಬೆರೆಸಿದ ಅಗ್ಗದ ಪಿಪಿ ಆದರೆ 5 ಆಗಿದ್ದೂ ಮುಳುಗಬಹುದು. ಇನ್ನು ಥರ್ಮಾಕೋಲ್ ಒಳಗೆಲ್ಲ ಗಾಳಿಯೇ. ಅದು ತೇಲಿದರೆ ಅದರಿಂದ ಏನೂ ತಿಳಿಯುವುದಿಲ್ಲ.

ಇಷ್ಟಾದ ಮೇಲೆ 5 ಅಂದರೆ ಯಾವ ಭಯವೂ ಇಲ್ಲ ಅಂದುಕೊಂಡಿದ್ದೆ. ನಮ್ಮೆಜಮಾನರ ಡಬ್ಬ ಅದನ್ನೂ ಸುಳ್ಳು ಮಾಡಿತು. ಅವರು ಆಫೀಸಿನಲ್ಲಿ ದಿನಾ ಮೈಕ್ರೋವೇವಿನಲ್ಲಿ ಊಟ ಬಿಸಿ ಮಾಡುತ್ತಾರೆ. ಡಬ್ಬದ ತಳದಲ್ಲಿ 5, ಲೋಟ ಫೋರ್ಕು, ಅಲೆಯ ಗುರುತು ಎಲ್ಲಾ ಇದೆ. ಆದರೂ ಒಳಗೋಡೆಯಲ್ಲಿ, ಎಣ್ಣೆಗಾಯಿಯ ಎಣ್ಣೆ ನಿಲ್ಲುವ ಮಟ್ಟಕ್ಕೆ ಸರಿಯಾಗಿ, ಬಿಳಿ ಬಿಳಿ ಕಲೆ. ಉಗುರಿನಿಂದ ಸವರಿದರೆ ಒರಟು. ಅಲ್ಲಲ್ಲಿ ಗುಳಿ ಬಿದ್ದಿದೆ. ಅದು ಕೊಳೆಯಲ್ಲ, ಪ್ಲಾಸ್ಟಿಕ್ಕೇ ಕರಗಿದ್ದು.

ಹೇಗೆ ಅಂದರೆ, ನೀರಿದ್ದಷ್ಟು ಹೊತ್ತು ಪದಾರ್ಥ 100ರ ಹತ್ತಿರವೇ ನಿಲ್ಲುತ್ತದೆ, ಮಿಕ್ಕ ಬಿಸಿಯೆಲ್ಲ ಹಬೆಯಾಗಿ ಹೋಗುತ್ತದೆ. ಎಣ್ಣೆಗೆ ಆ ಕಡಿವಾಣ ಇಲ್ಲ. ಅಂಚಿನಲ್ಲಿ ಗೊಜ್ಜಿನ ನೀರು ಆರಿ, ಎಣ್ಣೆ, ಬೆಲ್ಲ, ಟೊಮೇಟೋ ಮಾತ್ರ ಅಂಟಿಕೊಂಡಿರುವ ಕಡೆ ಬಿಸಿ ಏರುತ್ತಲೇ ಹೋಗುತ್ತದೆ. 160 ದಾಟಿದ ಚುಕ್ಕೆಯಲ್ಲಿ ಪಿಪಿಯೂ ಸೋಲುತ್ತದೆ. ಒಗ್ಗರಣೆಯನ್ನು ನೇರವಾಗಿ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದರೂ ಇದೇ ಗತಿ.

ಅದೇ ಡಬ್ಬ ಅರಿಶಿನದಿಂದ ಹಳದಿಯಾಗಿತ್ತು. ಅತ್ತೆ ಅದಕ್ಕೇ ಹೆದರಿದ್ದರು. ಅದು ಅರಿಶಿನದ ಬಣ್ಣ ಎಣ್ಣೆಯ ಜೊತೆ ಪ್ಲಾಸ್ಟಿಕ್ಕಿನೊಳಗೆ ಇಳಿದದ್ದು, ಅದರಿಂದ ತೊಂದರೆ ಇಲ್ಲ. ಎರಡು ದಿನ ಬಿಸಿಲಿಗಿಟ್ಟರೆ ಮಾಸುತ್ತದೆ. ಗುಳಿ ಮಾತ್ರ ಬಿಸಿಲಿಗೆ ಹೋಗುವಂಥದ್ದಲ್ಲ. ಆ ಡಬ್ಬ ಈಗ ಗುಂಡಿಗಳನ್ನು ಹಾಕಿಡಲು ಆಗಿದೆ. ಗುಳಿ ಬೀಳದಿದ್ದರೂ ಪಿಪಿ ಪೂರ್ತಿ ಪಾಪದ್ದೇನಲ್ಲ. ಪಿಪಿಯ ಹಾಲಿನ ಬಾಟಲಿಗೆ ಬಿಸಿನೀರು ಹಾಕಿ ಅಲುಗಿಸಿದರೆ ಸಣ್ಣ ಸಣ್ಣ ಪ್ಲಾಸ್ಟಿಕ್ ಕಣಗಳು ಉದುರುತ್ತವೆಂದು 2020ರಲ್ಲಿ ಐರ್ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಅದಕ್ಕೇ ಎಜಮಾನರಿಗೆ ಸ್ಟೀಲ್ ಡಬ್ಬ, ಆಫೀಸಿನಲ್ಲಿ ಒಂದು ಪಿಂಗಾಣಿ ಬಟ್ಟಲು. ಬಟ್ಟಲಿಗೆ ಸುರಿದುಕೊಂಡು ಬಿಸಿ ಮಾಡುವುದು. ತೊಳೆಯೋದು ಯಾರು ಅಂತ ಮೊದಲ ವಾರ ಗೊಣಗಿದರು.

ಇನ್ನು ಉಳಿದದ್ದು ಹೋಟೆಲಿನ ಸಾಂಬಾರ್ ಕವರು. ಗಂಟು ಹಾಕಿದ, ಮುಟ್ಟಿದರೆ ಕೈ ಸುಡುವ ಆ ತೆಳ್ಳನೆ ಕವರಿನ ಮೇಲೆ ಸಂಖ್ಯೆಯೂ ಇಲ್ಲ, ಲೋಟ ಫೋರ್ಕೂ ಇಲ್ಲ. ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನು 2025ರಲ್ಲಿ ಸರ್ಕಾರವೇ ನಿಲ್ಲಿಸಿ ಅಂದಿದೆ. ಆದರೆ ಅದೇ ಇಡ್ಲಿಯ ಸಾಂಬಾರು ಮಾತ್ರ ಕವರಿನಲ್ಲೇ ಬರುತ್ತದೆ. ಅತ್ತೆ ಮದುವೆಯಲ್ಲಿ ಬಂದಿದ್ದ ಸ್ಟೀಲ್ ಕ್ಯಾರಿಯರನ್ನು ಹುಡುಕಿ ತೆಗೆದು ನನ್ನ ಕೈಗೆ ಕೊಟ್ಟರು. ಮರುವಾರ ಹೋಟೆಲಿಗೆ ಹೋಗಿ ಕೌಂಟರಿನ ಮೇಲಿಟ್ಟೆ. "ಸಾಂಬಾರು ಇದಕ್ಕೇ ಹಾಕಪ್ಪ, ಕವರು ಬೇಡ" ಅಂದೆ.

"ಸರಿ ಅಕ್ಕ" ಅಂದ ಹುಡುಗ ಒಳಗೆ ಹೋದ. ಬಿಸಿ ಸಾಂಬಾರನ್ನು ಮೊದಲು ಕವರಿಗೆ ತುಂಬಿಸಿ, ಆ ಕವರಿನಿಂದ ನಮ್ಮ ಕ್ಯಾರಿಯರಿಗೆ ಸುರಿದು ತಂದ. ಯಾಕಪ್ಪಾ ಅಂದರೆ, "ಅಳತೆ ಅಕ್ಕ, ಒಂದು ಕವರು ಅಂದ್ರೆ ಒಂದು ಪ್ಲೇಟ್‌ದು" ಅಂದ.